ಬೆಣ್ಣೆ ಕಾಯಿಸೋವಾಗ ಕಿವಿ ಎಲ್ಲಿರಬೇಕು, ಮೂಗು ಯಾವಾಗ ಬರಬೇಕು: ಅಜ್ಜಿ, ನಾನು ಮತ್ತೆ ನನ್ನ ಟೈಮರ್

ಟೈಮರ್ 16 ನಿಮಿಷಕ್ಕೆ ಇಟ್ಟಿದ್ದೆ. 12 ದಾಟಿ 13ಕ್ಕೆ ಬಂದಿತ್ತು ಅಷ್ಟೇ, ಅಜ್ಜಿ ರೂಮಿಂದ ಕೂಗಿದ್ರು, "ಪುಟ್ಟೀ, ಒಲೆ ಆರಿಸೇ." ನಾನು ಫೋನ್ ನೋಡ್ಕೊಂಡೇ ಅಂದೆ, "ಇನ್ನೂ ಮೂರು ನಿಮಿಷ ಇದೆ ಅಜ್ಜಿ." ಅವರು ಮತ್ತೆ ಮಾತಾಡಲಿಲ್ಲ. ಟೈಮರ್ ಹೊಡ್ಕೊಂಡಾಗ ಹೋಗಿ ನೋಡಿದ್ರೆ ಪಾತ್ರೆ ತಳ ಇದ್ದಿಲು, ತುಪ್ಪ ಕಾಫಿ ಡಿಕಾಕ್ಷನ್ ಬಣ್ಣ, ಮನೆಯೆಲ್ಲಾ ಕಮಟು. ಅಜ್ಜಿ ನಿಧಾನಕ್ಕೆ ಎದ್ದು ಬಂದು ಬಗ್ಗಿ ನೋಡಿ "ಆಗ್ಲೇ ಸುಮ್ಮನಾಗಿತ್ತಲ್ಲೇ ಅದು" ಅಂದ್ರು. ಬೈಗುಳ ಅಷ್ಟೇ.

ಸುಮ್ಮನಾಗಿತ್ತು ಅಂದ್ರೆ ಏನು ಅಂತ ನಂಗೆ ಅರ್ಥ ಆಗೋಕೆ ಇನ್ನೂ ನಾಲ್ಕೈದು ಸಲ ಬೆಣ್ಣೆ ಕಾಯಿಸಬೇಕಾಯ್ತು. ಈಗ ಅರ್ಥ ಆಗಿದೆ, ಅದನ್ನೇ ಒಂದೊಂದೇ ಹಂತವಾಗಿ ಬರೀತೀನಿ. ಅಜ್ಜಿ ಹೇಳಿದ್ದು ಯಾವುದು, ನಾನು ತಕ್ಕಡಿ ಥರ್ಮಾಮೀಟರ್ ಹಿಡ್ಕೊಂಡು ಪರೀಕ್ಷೆ ಮಾಡಿದ್ದು ಯಾವುದು ಅಂತ ಬೇರೆ ಬೇರೆ ಹೇಳ್ತೀನಿ, ಯಾಕಂದ್ರೆ ಅಜ್ಜಿ ಕಾರಣ ಹೇಳೋರಲ್ಲ, "ಗೊತ್ತಾಗತ್ತೆ ಕಣೇ" ಅಂತಾರೆ, ಅದರಿಂದ ಯಾರೂ ಕಲಿಯೋಕಾಗಲ್ಲ.

ಟೈಮರ್ ಯಾಕೆ ಸುಳ್ಳು ಹೇಳ್ತು

ಆ 16 ನಿಮಿಷ ನಾನು ಎಲ್ಲಿಂದಲೋ ತಂದಿದ್ದಲ್ಲ. ಅದರ ಹಿಂದಿನ ಸಲ ಅಂಗಡಿ ಬೆಣ್ಣೆ 250 ಗ್ರಾಂ, ದಪ್ಪ ತಳದ ಸಣ್ಣ ಪಾತ್ರೆ, ಸಣ್ಣ ಉರಿ, ಸರಿಯಾಗಿ 16 ನಿಮಿಷಕ್ಕೆ ತುಪ್ಪ ಬಂಗಾರದ ಥರ ಬಂದಿತ್ತು. ಫೋನಲ್ಲಿ ಬರ್ಕೊಂಡೆ. ಸುಟ್ಟ ದಿನವೂ ಅದೇ 250 ಗ್ರಾಂ, ಅದೇ ಒಲೆ. ಆದ್ರೆ ಸಣ್ಣ ಪಾತ್ರೆ ತೊಳೆಯೋಕೆ ಬಿದ್ದಿತ್ತು ಅಂತ ಅಗಲದ ಬಾಣಲೆ ತಗೊಂಡಿದ್ದೆ, ಮತ್ತೆ ಬೆಣ್ಣೆ ಫ್ರಿಜ್ಜಿಂದ ಬೆಳಗ್ಗೇನೇ ಹೊರಗಿಟ್ಟಿದ್ದರಿಂದ ಮೆತ್ತಗಾಗಿತ್ತು. ಈ ಎರಡೇ ವ್ಯತ್ಯಾಸ.

ಅಗಲದ ಬಾಣಲೇಲಿ ಬೆಣ್ಣೆ ತೆಳ್ಳಗೆ ಹರಡ್ಕೊಳತ್ತೆ, ಬೆಂಕಿ ತಾಗೋ ಜಾಗ ಜಾಸ್ತಿ, ಹಬೆ ಹೋಗೋ ಜಾಗವೂ ಜಾಸ್ತಿ, ಹಾಗಾಗಿ ನೀರು ಬೇಗ ಹೋಗತ್ತೆ. ಮೆತ್ತಗಿದ್ದ ಬೆಣ್ಣೆ ಕರಗೋಕೆ ತಗೊಳ್ಳೋ ಎರಡು ಮೂರು ನಿಮಿಷವೂ ಉಳೀತು. ಟೈಮರಿಗೆ ಇದ್ಯಾವುದೂ ಗೊತ್ತಿಲ್ಲ, ಅದು ಎಣಿಸ್ತಿದ್ದಿದ್ದು ಹೋದ ಸಲದ ಬೆಣ್ಣೆನ. ಅಜ್ಜಿ ಕಿವಿ ಕೇಳ್ತಿದ್ದಿದ್ದು ಇವತ್ತಿನ ಬೆಣ್ಣೆನ.

ಇನ್ನೊಂದು ಸಲ ಉಲ್ಟಾ ಆಯ್ತು. ಮನೇಲೇ ಕಡೆದ ಬೆಣ್ಣೆ 600 ಗ್ರಾಂ ಇತ್ತು. 250ಕ್ಕೆ 16 ಆದ್ರೆ 600ಕ್ಕೆ 38 ಅಂತ ಲೆಕ್ಕ ಹಾಕಿ ಟೈಮರ್ ಇಟ್ಟೆ, ಹೊಡ್ಕೊಂಡಿತು, ಒಲೆ ಆರಿಸಿದೆ, ಸೋಸಿ ಡಬ್ಬಕ್ಕೆ ಹಾಕಿದೆ. ಅಜ್ಜಿ ಅವತ್ತು ಮನೇಲಿ ಇರಲಿಲ್ಲ. ತಣ್ಣಗಾದ ಮೇಲೆ ನೋಡಿದ್ರೆ ಡಬ್ಬದ ತಳದಲ್ಲಿ ತೆಳ್ಳಗೆ ನೀರು, ಹತ್ತು ದಿನಕ್ಕೆ ಹುಳಿ ವಾಸನೆ. ಮನೆ ಬೆಣ್ಣೆನ ಎಷ್ಟು ಹಿಂಡಿ ತೊಳೆದ್ರೂ ಮಜ್ಜಿಗೆ ನೀರು ಒಳಗೆ ಉಳ್ಕೊಂಡಿರತ್ತೆ, ಅಂಗಡಿ ಬೆಣ್ಣೆ ಲೆಕ್ಕ ಅದಕ್ಕೆ ಹೊಂದಲ್ಲ. ಒಂದು ಸಲ ಟೈಮರ್ ಮೂರು ನಿಮಿಷ ಲೇಟು, ಇನ್ನೊಂದು ಸಲ ಎಷ್ಟೋ ಬೇಗ. ಎರಡಕ್ಕೂ ಕಾರಣ ಒಂದೇ, ನೀರು.

ಶುರು ಮಾಡೋಕೆ ಮುಂಚೆ ಬೆಣ್ಣೆ ಒಳಗೆ ಏನಿದೆ ಅಂತ ತಿಳ್ಕೊಳ್ಳಿ

ಬೆಣ್ಣೇಲಿ ಮೂರು ಇರತ್ತೆ. ಕೊಬ್ಬು, ನೀರು, ಮತ್ತೆ ಹಾಲಿನ ಗಷ್ಟು, ಅಂದ್ರೆ ಹಾಲಿನ ಪ್ರೋಟೀನು ಮತ್ತು ಸಕ್ಕರೆ ಅಂಶ. ಅಂಗಡೀಲಿ ಮಾರೋ ಬೆಣ್ಣೆಗೆ ಸಾಮಾನ್ಯ ನಿಯಮ ಏನಂದ್ರೆ ಕೊಬ್ಬು 80 ಪರ್ಸೆಂಟಿಗೆ ಕಮ್ಮಿ ಇರಬಾರದು, ನೀರು 16 ಪರ್ಸೆಂಟ್ ಮೀರಬಾರದು, ಗಷ್ಟು 2 ಪರ್ಸೆಂಟ್ ಒಳಗೆ. ಅಂದ್ರೆ 500 ಗ್ರಾಂ ಬೆಣ್ಣೆ ತಂದ್ರೆ ಅದರಲ್ಲಿ ಹೆಚ್ಚುಕಮ್ಮಿ 80 ಗ್ರಾಂ ನೀರು. ಅರ್ಧ ಲೋಟದಷ್ಟು ನೀರನ್ನ ನೀವು ಕೊಬ್ಬಿನೊಳಗಿಂದ ಕುದಿಸಿ ಓಡಿಸ್ತಿದೀರ, ತುಪ್ಪ ಕಾಯಿಸೋದು ಅಂದ್ರೆ ಮುಕ್ಕಾಲು ಪಾಲು ಅಷ್ಟೇ ಕೆಲಸ. ಉಳಿದ ಕಾಲು ಪಾಲು ಆ ಗಷ್ಟನ್ನ ಹದವಾಗಿ ಹುರಿಯೋದು.

ಈಗ ಅಜ್ಜಿ ಗುಟ್ಟು. ನೀರು ಇರೋವರೆಗೂ ಪಾತ್ರೆ ಮಾತಾಡತ್ತೆ. ತಳದಲ್ಲಿರೋ ನೀರಿನ ಹನಿ ಹಬೆ ಆದಾಗ ಅದು ಇದ್ದ ಜಾಗಕ್ಕಿಂತ ಸುಮಾರು 1,600 ಪಟ್ಟು ಉಬ್ಬತ್ತೆ, ಕೊಬ್ಬನ್ನ ತಳ್ಕೊಂಡು ಮೇಲೆ ಬಂದು ಒಡೆಯತ್ತೆ, ಆ ಒಡೆಯೋದೇ ಚಟಪಟ. ಮತ್ತೆ ನೀರು ಇರೋವರೆಗೂ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಂತಿರತ್ತೆ, ನೀವು ಕೊಟ್ಟ ಬಿಸಿಯೆಲ್ಲಾ ನೀರನ್ನ ಹಬೆ ಮಾಡೋಕೇ ಖರ್ಚಾಗತ್ತೆ, ಹಾಗಾಗಿ ಗಷ್ಟು ಸುಡೋಕೆ ಆಗಲ್ಲ. ನೀರು ಮುಗಿದ ತಕ್ಷಣ ಆ ಕಾವಲು ಹೋಯ್ತು. ಅದೇ ಉರಿ, ಆದ್ರೆ ಬಿಸಿ 105, 110, 120 ಅಂತ ನಿಮಿಷ ನಿಮಿಷಕ್ಕೂ ಏರತ್ತೆ. 120ರ ಹತ್ತಿರ ಗಷ್ಟು ಚೆನ್ನಾಗೇ ಕೆಂಪಾಗತ್ತೆ, ಪರಿಮಳ ಬರತ್ತೆ. ಅಲ್ಲಿಂದ ಮುಂದೆ ಬಿಟ್ರೆ ಕರಕಲು.

ಅಂದ್ರೆ ಸದ್ದು ನಿಲ್ಲೋದು ಮೊದಲು, ಪರಿಮಳ ಬರೋದು ಆಮೇಲೆ. ಕಿವಿ ಎಚ್ಚರಿಕೆ ಕೊಡತ್ತೆ, ಮೂಗು ತೀರ್ಪು ಕೊಡತ್ತೆ. ಅಜ್ಜಿ ಇದನ್ನ ಹೀಗೆ ಹೇಳೋದಿಲ್ಲ, ಆದ್ರೆ ಮಾಡೋದು ಕರೆಕ್ಟಾಗಿ ಇದನ್ನೇ: ಸದ್ದು ಇರೋವರೆಗೂ ರೂಮಲ್ಲಿ ಕೂತಿರ್ತಾರೆ, ಸದ್ದು ಸಣ್ಣಗಾದ್ರೆ ಎದ್ದು ಬರ್ತಾರೆ.

ಹಂತ 1: ಅಡುಗೆಮನೆ ಸುಮ್ಮನಾಗಲಿ

ನಗಬೇಡಿ, ಇದೇ ಮೊದಲ ಹಂತ. ಚಿಮಣಿ ಫ್ಯಾನು ಓಡ್ತಿದ್ರೆ ಸದ್ದೂ ಕೇಳಲ್ಲ, ವಾಸನೆನೂ ಅದೇ ಎಳ್ಕೊಂಡು ಹೋಗತ್ತೆ. ಮಿಕ್ಸಿ, ಟೀವಿ, ಕಿವೀಲಿ ಇಯರ್‌ಫೋನ್, ಎಲ್ಲಾ ಬಂದ್. ನಾನು ಮೊದಮೊದಲು ಇಯರ್‌ಫೋನ್ ಹಾಕ್ಕೊಂಡು ಅಡುಗೆ ಮಾಡ್ತಿದ್ದೆ, ಅದಕ್ಕೇ ಟೈಮರ್ ಬೇಕಾಗ್ತಿತ್ತು ಅಂತ ಈಗ ಅನ್ಸತ್ತೆ. ಪಕ್ಕದ ಒಲೇಲಿ ಒಗ್ಗರಣೆನೋ ಈರುಳ್ಳಿನೋ ಇಡಬೇಡಿ, ಅದರ ಮುಂದೆ ಬೆಣ್ಣೆ ವಾಸನೆ ನಿಮಗೆ ಸಿಗೋದೇ ಇಲ್ಲ.

ಪಾತ್ರೆ ದಪ್ಪ ತಳದ್ದು ಇರಲಿ, ಒಳಗಡೆ ಬಣ್ಣ ತಿಳಿ ಇದ್ರೆ ಒಳ್ಳೇದು, ಸ್ಟೀಲ್ ಆದ್ರೆ ಸರಿ. ಕಪ್ಪು ಬಾಣಲೇಲಿ ತಳದ ಗಷ್ಟು ಯಾವ ಬಣ್ಣಕ್ಕೆ ಬಂತು ಅಂತ ಕಾಣಲ್ಲ. ಬೆಣ್ಣೆ ಹಾಕಿದಾಗ ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು, ನೊರೆ ಉಕ್ಕಿ ಬರತ್ತೆ. ಉಪ್ಪು ಹಾಕಿರೋ ಬೆಣ್ಣೆ ತಗೋಬೇಡಿ, ಉಪ್ಪು ಕೊಬ್ಬಲ್ಲಿ ಕರಗಲ್ಲ, ಎಲ್ಲಾ ತಳದ ಗಷ್ಟಿನ ಜೊತೆ ಸೇರ್ಕೊಂಡು ಕೊನೇಲಿ ಅದನ್ನ ತಿನ್ನೋಕೂ ಆಗಲ್ಲ.

ಮುಚ್ಚಳ ಮುಚ್ಚಬೇಡಿ. ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ಒಳಗೇ ಬೀಳತ್ತೆ, ಓಡಿಸಿದ್ದ ನೀರನ್ನೇ ಕರೆದು ಕೂರಿಸಿದ ಹಾಗೆ.

ಹಂತ 2: ಕರಗೋದು, ಮೊದಲ ನೊರೆ

ಸಣ್ಣ ಉರಿಗಿಂತ ಒಂಚೂರು ಜಾಸ್ತಿ ಇಟ್ಟು ಕರಗಿಸಿ. ಈ ಹೊತ್ತಲ್ಲಿ ಸದ್ದು ಇರಲ್ಲ, ವಾಸನೆ ಬರೀ ಹಸಿ ಬೆಣ್ಣೆದು. ಆಮೇಲೆ ಮೇಲೆಲ್ಲಾ ಬಿಳೀ ನೊರೆ ಕಟ್ಟತ್ತೆ, ಒಳಗೆ ಏನಾಗ್ತಿದೆ ಅಂತ ಕಾಣಲ್ಲ. ಇಲ್ಲಿ ಮಾಡೋದೇನೂ ಇಲ್ಲ, ಮುಂದೆ ಹೋಗೋಣ.

ಹಂತ 3: ಗಲಾಟೆ ಹೊತ್ತು

ಐದಾರು ನಿಮಿಷಕ್ಕೆ ಸದ್ದು ಶುರು ಆಗತ್ತೆ. ಮೊದಲು ಗುಳುಗುಳು ಅಂತ, ಆಮೇಲೆ ಜೋರು ಚಟಪಟ, ನಡುನಡುವೆ ಟಪ್ ಅಂತ ದೊಡ್ಡ ಗುಳ್ಳೆ. ಮಳೆ ತಗಡಿನ ಮೇಲೆ ಬಿದ್ದ ಹಾಗೆ ಅಂತ ನಾನು ಅಂದ್ಕೊಂಡೆ, ಅಜ್ಜಿ "ಮದುವೆ ಮನೆ" ಅಂತಾರೆ. ಎಷ್ಟೇ ಜೋರಿದ್ರೂ ಇದು ಭಯ ಪಡೋ ಸದ್ದಲ್ಲ, ಇದು ಸೇಫ್ ಅನ್ನೋ ಸದ್ದು. ಹೊಸಬ್ರು ಎಲ್ಲಾ ಇಲ್ಲೇ ಎಡವೋದು, ಜೋರು ಸದ್ದು ಕೇಳಿ ಸೀದು ಹೋಗ್ತಿದೆ ಅಂತ ಒಲೆ ಸಣ್ಣ ಮಾಡ್ತಾರೆ, ಸದ್ದು ನಿಂತ ಮೇಲೆ ಸದ್ಯ ಶಾಂತ ಆಯ್ತು ಅಂತ ನಿರಾಳ ಆಗಿ ಆ ಕಡೆ ಹೋಗ್ತಾರೆ. ಉಲ್ಟಾ ಮಾಡಬೇಕು. ಗಲಾಟೆ ಇದ್ದಾಗ ಬೇಕಾದ್ರೆ ಪಾತ್ರೆ ತೊಳ್ಕೊಳ್ಳಿ, ಶಾಂತ ಆದಾಗ ಓಡಿ ಬನ್ನಿ.

ಈ ಹೊತ್ತಲ್ಲಿ ಒಂದು ಕೆಲಸ ಮಾತ್ರ ಇದೆ, ಎರಡು ಮೂರು ನಿಮಿಷಕ್ಕೊಂದು ಸಲ ಚಪ್ಪಟೆ ಸೌಟಲ್ಲಿ ತಳ ಕೆರೆದು ಕೈಯಾಡಿಸೋದು. ಗಷ್ಟು ತಳಕ್ಕೆ ಕೂತ್ಕೊಂಡು ಮಂದ ಪದರ ಕಟ್ಟಿದ್ರೆ ಅದರ ಕೆಳಗೆ ನೀರು ಸಿಕ್ಕಿಹಾಕ್ಕೊಳತ್ತೆ, ಹಬೆ ಒಟ್ಟಾಗಿ ಒಂದೇ ಸಲ ಡಬ್ ಅಂತ ಮೇಲೆ ಬಂದು ಬಿಸಿ ತುಪ್ಪ ಕೈಗೆ ಮುಖಕ್ಕೆ ಹಾರತ್ತೆ. ನಂಗೆ ಮಣಿಕಟ್ಟಿನ ಮೇಲೆ ಒಂದು ಕಲೆ ಈಗಲೂ ಇದೆ. ಈ ಡಬ್ ಅನ್ನೋದು ಉಳಿದ ಚಟಪಟಕ್ಕಿಂತ ಬೇರೆ, ಭಾರದ ಸದ್ದು, ತಳದಿಂದ ಬರೋದು, ಎರಡು ಸಲ ಕೇಳಿಸಿದ್ರೆ ಕೈಯಾಡಿಸಿ ಅಂತ ಅರ್ಥ.

ವಾಸನೆ ಈಗ ಕಾಯಿಸಿದ ಹಾಲಿನ ಥರ ಇರತ್ತೆ. ಮನೆ ಬೆಣ್ಣೆ ಆದ್ರೆ ಸ್ವಲ್ಪ ಹುಳಿ ಹುಳಿ ಹಬೆ ಬರತ್ತೆ, ಅದು ಸಹಜ, ನೀರಿನ ಜೊತೆ ಆ ಹುಳಿ ವಾಸನೆಯೂ ಬಹುಪಾಲು ಹೋಗತ್ತೆ.

ಹಂತ 4: ಸದ್ದು ಸಣ್ಣಗಾಗೋದು (ಇಲ್ಲೇ ಇರಬೇಕು ನೀವು)

ಇದನ್ನ ಬರೆದು ಹೇಳೋದು ಕಷ್ಟ, ಆದ್ರೂ ಟ್ರೈ ಮಾಡ್ತೀನಿ. ಸದ್ದು ಇದ್ದಕ್ಕಿದ್ದ ಹಾಗೆ ನಿಲ್ಲಲ್ಲ. ಮೊದಲು ದೊಡ್ಡ ಗುಳ್ಳೆಗಳ ಟಪ್ ಟಪ್ ಹೋಗತ್ತೆ. ಉಳಿಯೋದು ಸಣ್ಣ ಚಿಟಚಿಟ. ಆಮೇಲೆ ಚಿಟಚಿಟದ ನಡುವೆ ಖಾಲಿ ಜಾಗ ಬರತ್ತೆ, ಚಿಟ... ಚಿಟಚಿಟ... ಚಿಟ, ಮಳೆ ನಿಂತ ಮೇಲೆ ಸೂರಿಂದ ಹನಿ ಬೀಳತ್ತಲ್ಲ ಹಾಗೆ. ನೊರೆಯೂ ಒಡೆದು ಅಲ್ಲಲ್ಲಿ ಸೀಳು ಬಿಟ್ಟು ಕೆಳಗಿನ ತಿಳಿ ಹಳದಿ ಕಾಣೋಕೆ ಶುರು ಆಗತ್ತೆ. ಕೊನೆಗೆ ತುಂಬಾ ಹತ್ತಿರ ಕಿವಿ ತಂದ್ರೆ ಮಾತ್ರ ಕೇಳೋ ಸುಯ್ ಅನ್ನೋ ಸದ್ದು.

ಅಜ್ಜಿ ಇದನ್ನ ನಂಗೆ ಕಲಿಸಿದ ರೀತಿ ಏನಂದ್ರೆ ಒಲೆಗೆ ಬೆನ್ನು ಮಾಡಿ ನಿಲ್ಲು ಅಂದ್ರು. ನೋಡಬೇಡ, ಕೇಳು. ಮೂರು ನಿಮಿಷ ನಿಂತೆ, ಏನೂ ಬದಲಾದ ಹಾಗೆ ಅನ್ನಿಸಲಿಲ್ಲ. "ಈಗ?" ಅಂದ್ರು. ಇಲ್ಲ ಅಂದೆ. ಇನ್ನೂ ಸ್ವಲ್ಪ ಹೊತ್ತು. "ಈಗ?" ಆಗ ನಂಗೆ ಇದ್ದಕ್ಕಿದ್ದ ಹಾಗೆ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸ್ತು. ಅದು ಅಲ್ಲಿವರೆಗೂ ಇತ್ತು, ಬೆಣ್ಣೆ ಸದ್ದಲ್ಲಿ ಮುಚ್ಚಿಹೋಗಿತ್ತು ಅಷ್ಟೇ. ಅವತ್ತಿಂದ ನಂದು ಅದೇ ಲೆಕ್ಕ, ಒಲೆ ಪಕ್ಕ ನಿಂತಾಗ ಅಡುಗೆಮನೆಯ ಬೇರೆ ಸಣ್ಣ ಸದ್ದುಗಳು, ಫ್ರಿಜ್ಜಿನ ಗುಂಯ್ ಅನ್ನೋದು, ಗ್ಯಾಸಿನ ಉರಿ ಸದ್ದು, ಇವು ಕೇಳೋಕೆ ಶುರು ಆದ್ರೆ ನೀರು ಮುಗೀತಾ ಬಂತು. ಕಿವಿಗೆ ಅಭ್ಯಾಸ ಇಲ್ಲದೋರಿಗೆ ಇದೇ ಸುಲಭದ ದಾರಿ, ಬೆಣ್ಣೆ ಸದ್ದು ಎಷ್ಟು ಕಮ್ಮಿ ಆಯ್ತು ಅಂತ ಅಳೆಯೋಕೆ ಹೋಗಬೇಡಿ, ಪಕ್ಕದ ಸದ್ದು ಕೇಳಿಸ್ತಾ ನೋಡಿ.

ನಾನು ಅಷ್ಟಕ್ಕೆ ನಂಬೋಳಲ್ಲ. ಒಂದಿನ ಅಡುಗೆ ತಕ್ಕಡಿ ತಂದು ಪಕ್ಕಕ್ಕಿಟ್ಟೆ, ಅದರ ಮೇಲೆ ಬಿಸಿ ತಾಗದ ಹಾಗೆ ಒಂದು ಮರದ ಹಲಗೆ. ಅಂಗಡಿ ಬೆಣ್ಣೆ 500 ಗ್ರಾಂ, ಪಾತ್ರೆ ಸೌಟು ಸೇರಿ 1,340 ಗ್ರಾಂ. ಅಜ್ಜಿಗೆ ರೂಮಲ್ಲೇ ಕೂತಿರಿ, ಸದ್ದು ಮುಗೀತು ಅನ್ನಿಸಿದಾಗ ಹೇಳಿ ಅಂದೆ. 24ನೇ ನಿಮಿಷಕ್ಕೆ "ಹೂಂ, ಈಗ" ಅಂದ್ರು. ಪಾತ್ರೆ ಎತ್ತಿ ತೂಗಿದೆ, 1,264. ಹೋಗಿದ್ದು 76 ಗ್ರಾಂ. 500ಕ್ಕೆ 16 ಪರ್ಸೆಂಟ್ ಅಂದ್ರೆ 80. ಅಂದ್ರೆ ಒಂದು ಟೀ ಚಮಚದಷ್ಟು ನೀರು ಬಾಕಿ ಇರಬಹುದು ಅಷ್ಟೇ, ಅಥವಾ ಆ ಬೆಣ್ಣೇಲಿ ನೀರೇ ಸ್ವಲ್ಪ ಕಮ್ಮಿ ಇತ್ತೋ ಏನೋ. ಗೋಡೆ ಆ ಕಡೆ ಕೂತ್ಕೊಂಡು ಸೊಪ್ಪು ಬಿಡಿಸ್ತಾ ಇದ್ದೋರು ಇಷ್ಟು ಕರೆಕ್ಟಾಗಿ ಹೇಳಿದ್ರು. ನಾನು ತಕ್ಕಡಿ ನಂಬರ್ ತೋರಿಸಿದ್ರೆ "ಇದೆಲ್ಲಾ ಯಾಕೆ ತೂಗ್ತೀಯ, ಆರಿಹೋಗತ್ತೆ ಇಡು ಒಲೆ ಮೇಲೆ" ಅಂದ್ರು.

ತಕ್ಕಡಿ ಇರೋರು ಮೊದಲ ಎರಡು ಸಲ ಹೀಗೆ ತೂಗಿ ನೋಡಿ, ಕಿವಿಗೆ ಒಂದು ಅಳತೆ ಸಿಗತ್ತೆ. ಅಂಗಡಿ ಬೆಣ್ಣೆಗೆ ಮಾತ್ರ ಈ ಲೆಕ್ಕ, ಮನೆ ಬೆಣ್ಣೆಲಿ ನೀರು ಎಷ್ಟಿದೆ ಅಂತ ಮುಂಚೆ ಗೊತ್ತಿರಲ್ಲ.

ಹಂತ 5: ಈಗ ಮೂಗು

ಸದ್ದು ಸಣ್ಣಗಾದ ತಕ್ಷಣ ಉರಿ ಪೂರ್ತಿ ಸಣ್ಣ ಮಾಡಿ, ಅಲ್ಲೇ ನಿಲ್ಲಿ. ಇಲ್ಲಿಂದ ಆರಿಸೋವರೆಗೆ ಎರಡರಿಂದ ನಾಲ್ಕು ನಿಮಿಷ ಇರತ್ತೆ, ಎಷ್ಟು ಅನ್ನೋದು ಪಾತ್ರೆ ಎಂಥದ್ದು ಅನ್ನೋದರ ಮೇಲೆ ಹೋಗತ್ತೆ. ಫೋನ್ ಬಂದ್ರೆ ಎತ್ತಬೇಡಿ.

ವಾಸನೆ ಗುರುತಿಸೋದ್ರಲ್ಲಿ ನಮ್ಮಂಥೋರ ಕಷ್ಟ ಮೂಗಿಲ್ಲ ಅಂತಲ್ಲ, ಹೆಸರಿಲ್ಲ ಅಂತ. ಅಜ್ಜಿಗೆ ಹೆಸರು ಬೇಡ. ನಂಗೆ ಬೇಕಿತ್ತು, ಹಾಗಾಗಿ ಸಾಲಾಗಿ ಬರ್ಕೊಂಡೆ. ಮೊದಲು ಹಸಿ ಬೆಣ್ಣೆ. ಆಮೇಲೆ ಕಾಯಿಸಿದ ಹಾಲು. ಸದ್ದು ನಿಂತಾಗ ವಾಸನೆ ಸ್ವಲ್ಪ ಹೊತ್ತು ಮಂಕಾಗತ್ತೆ, ಯಾಕಂದ್ರೆ ಅದನ್ನ ಹೊತ್ಕೊಂಡು ಬರ್ತಿದ್ದ ಹಬೆ ಕಮ್ಮಿ ಆಯ್ತು. ಈ ಮಂಕು ಹೊತ್ತಲ್ಲಿ ಏನೂ ಆಗ್ತಿಲ್ಲ ಅಂತ ಉರಿ ಜಾಸ್ತಿ ಮಾಡಬೇಡಿ. ಅದಾದ ಮೇಲೆ ಬರೋದು ಬಿಸ್ಕತ್ತಿನ ವಾಸನೆ, ಆಗಷ್ಟೇ ಪೊಟ್ಟಣ ಬಿಚ್ಚಿದ ಬೆಣ್ಣೆ ಬಿಸ್ಕತ್ತು. ಅದರ ಹಿಂದೆನೇ ಹುರಿದ ಬೀಜದ ವಾಸನೆ. ಇದೇ ಹದ. ಇದಾದ ಮೇಲೆ ಸುಟ್ಟ ಸಕ್ಕರೆ ವಾಸನೆ, ಸಿಹಿ ಇದ್ದೂ ಮೂಗಿನ ತುದೀಲಿ ಚುಚ್ಚತ್ತೆ, ಇಲ್ಲಿಗೆ ಲೇಟಾಯ್ತು ಆದ್ರೂ ತಿನ್ನಬಹುದು. ಕೊನೆಗೆ ಬರೀ ಕಮಟು, ಕಣ್ಣಿಗೂ ತಾಗತ್ತೆ, ಅದು ನನ್ನ ಮೊದಲ ದಿನ.

ಹಾಲಿನ ಪ್ರೋಟೀನು ಮತ್ತು ಹಾಲಿನ ಸಕ್ಕರೆ ಬಿಸಿಗೆ ಒಂದಕ್ಕೊಂದು ಸೇರಿ ಕೆಂಪಾಗೋದ್ರಿಂದ ಈ ಪರಿಮಳ ಹುಟ್ಟೋದು, ರೊಟ್ಟಿ ಮೇಲೆ ಚುಕ್ಕೆ ಬಿದ್ದಾಗ, ಕಾಫಿ ಬೀಜ ಹುರಿದಾಗ ಆಗೋದೂ ಇದೇ ಜಾತಿ ಕೆಲಸ. ನೀರಿರೋವರೆಗೂ ಬಿಸಿ ಸಾಲದೆ ಅದು ತೀರಾ ನಿಧಾನ. ಅದಕ್ಕೇ ಚಟಪಟ ಜೋರಾಗಿದ್ದಾಗ "ಪರಿಮಳ ಬಂತು" ಅಂತ ಅನ್ನಿಸಿದ್ರೆ ಅದು ಹದದ ಪರಿಮಳ ಅಲ್ಲ, ಅಥವಾ ತಳ ಒಂದು ಕಡೆ ಹಿಡಿದಿದೆ ಅಂತ ಅರ್ಥ. ತಕ್ಷಣ ಸೌಟಿಂದ ಕೆರೆದು ನೋಡಿ.

ಮೂಗಿನದ್ದು ಒಂದು ಕೆಟ್ಟ ಬುದ್ಧಿ ಇದೆ, ಒಂದೇ ವಾಸನೇಲಿ ಸ್ವಲ್ಪ ಹೊತ್ತು ನಿಂತ್ರೆ ಅದನ್ನ ಹೇಳೋದೇ ಬಿಡತ್ತೆ. 20 ನಿಮಿಷ ಒಲೆ ಮುಂದೆ ನಿಂತೋಳಿಗೆ ಗೊತ್ತಾಗದ್ದು ರೂಮಿಂದ ಬಂದ ಅಜ್ಜಿಗೆ ಗೊತ್ತಾಗೋಕೆ ಅರ್ಧ ಕಾರಣ ಇದೇ ಅಂತ ನನ್ನ ಅನುಮಾನ. ಹಾಗಾಗಿ ಸದ್ದು ಸಣ್ಣಗಾದಾಗ ಒಂದು ಸಲ ಬಾಗಿಲಾಚೆ ಹೋಗಿ, ನಾಲ್ಕು ಸಲ ಉಸಿರು ಎಳ್ಕೊಂಡು ವಾಪಸ್ ಬನ್ನಿ. ಅರ್ಧ ನಿಮಿಷ ಸಾಕು. ಪಾತ್ರೆ ಮೇಲೆ ಮೂತಿ ಇಟ್ಟು ಮೂಸಬೇಡಿ, ಬಿಸಿಗೆ ಏನೂ ತಿಳಿಯಲ್ಲ. ಒಂದಡಿ ದೂರದಿಂದ ಕೈಯಲ್ಲಿ ಗಾಳಿ ಎಳ್ಕೊಳ್ಳಿ.

ಜೊತೆಗೆ ಕಣ್ಣಿಗೂ ಒಂದು ಗುರುತು ಇದೆ, ಎರಡನೇ ನೊರೆ. ಮೊದಲನೇದು ಬಿಳಿ, ಒರಟು, ದೊಡ್ಡ ಗುಳ್ಳೆ. ಅದು ಇಳಿದು ತುಪ್ಪ ತಿಳಿಯಾಗಿ ತಳ ಕಾಣಿಸಿದ ಮೇಲೆ ಮತ್ತೊಮ್ಮೆ ಸಣ್ಣಕೆ, ಸೋಪಿನ ಬುರುಗಿನ ಥರ ನುಣ್ಣಗಿನ ನೊರೆ ಏರತ್ತೆ, ಬಣ್ಣ ಸ್ವಲ್ಪ ಕೆನೆ. ಅದು ಏರೋದಕ್ಕೂ ಬಿಸ್ಕತ್ತು ವಾಸನೆ ಬೀಜದ ವಾಸನೆ ಕಡೆ ತಿರುಗೋದಕ್ಕೂ ಬಹುತೇಕ ಒಂದೇ ಟೈಮು. ಸೌಟಿಂದ ನೊರೆ ಸರಿಸಿ ತಳ ನೋಡಿದ್ರೆ ಗಷ್ಟು ತಿಳಿ ಬಂಗಾರದ ಬಣ್ಣ ಇರಬೇಕು.

ಹಂತ 6: ಆರಿಸಿ, ಆದ್ರೆ ಅದಿನ್ನೂ ಆಗ್ತಾನೇ ಇರತ್ತೆ

ದಪ್ಪ ತಳದ ಪಾತ್ರೆ ಒಲೆ ಆರಿಸಿದ ಮೇಲೂ ಒಂದೆರಡು ನಿಮಿಷ ಬಿಸಿ ಕೊಡ್ತಾನೇ ಇರತ್ತೆ, ಗಷ್ಟು ಇನ್ನೂ ಒಂದು ಬಣ್ಣ ಮುಂದೆ ಹೋಗತ್ತೆ. ಹಾಗಾಗಿ ಬೀಜದ ವಾಸನೆ ಪೂರ್ತಿ ಆವರಿಸೋವರೆಗೂ ಕಾಯಬೇಡಿ, ಬಿಸ್ಕತ್ತು ಮುಗಿದು ಬೀಜ ಶುರು ಆಗೋ ಜಾಗದಲ್ಲಿ ಆರಿಸಿ. ಆರಿಸಿದ ಮೇಲೆ ಬಿಸಿ ಬರ್ನರ್ ಮೇಲೇ ಬಿಡಬೇಡಿ, ಪಕ್ಕದ ಕಲ್ಲಿನ ಕಟ್ಟೆಗೆ ಒಣ ಬಟ್ಟೆ ಹಾಕಿ ಅದರ ಮೇಲಿಡಿ. ತುಂಬಾ ಮುಂದೆ ಹೋಯ್ತು ಅನ್ನಿಸಿದ್ರೆ ತಕ್ಷಣ ಇನ್ನೊಂದು ಒಣಗಿರೋ ಸ್ಟೀಲ್ ಪಾತ್ರೆಗೆ ಬಗ್ಗಿಸಿಬಿಡಿ. ಗಾಬರೀಲಿ ನೀರು ಮಾತ್ರ ಚಿಮುಕಿಸಬೇಡಿ, ಅಷ್ಟು ಬಿಸಿ ಕೊಬ್ಬಿಗೆ ನೀರು ಬಿದ್ರೆ ಸಿಡಿದು ಮೈಮೇಲೆ ಬರತ್ತೆ.

ಹತ್ತು ನಿಮಿಷ ಬಿಟ್ಟು, ಗಷ್ಟು ಕೆಳಗೆ ಕೂತ ಮೇಲೆ, ಒಣಗಿದ ಜರಡಿ ಅಥವಾ ತೆಳು ಬಟ್ಟೇಲಿ ಸೋಸಿ. ಡಬ್ಬದಲ್ಲಿ ಒಂದು ಹನಿ ನೀರೂ ಇರಬಾರದು, ಅಷ್ಟು ಹೊತ್ತು ಓಡಿಸಿದ್ದು ಅದನ್ನೇ ತಾನೆ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ, ಇಲ್ಲಾಂದ್ರೆ ಒಳಗೆ ಬೆವರುತ್ತೆ.

ಆಯ್ತಾ ಇಲ್ವಾ ಅಂತ ಡೌಟ್ ಇದ್ರೆ

ಸಣ್ಣ ಒಣ ಬಾಣಲೆ ಬಿಸಿ ಮಾಡಿ ಒಂದು ಚಮಚ ತುಪ್ಪ ಹಾಕಿ. ಚಿಟಚಿಟ ಅಂದ್ರೆ ನೀರಿದೆ, ಸುಮ್ಮನೆ ಹರಡ್ಕೊಂಡ್ರೆ ಇಲ್ಲ. ನೀರಿದ್ರೆ ಎಲ್ಲಾನೂ ವಾಪಸ್ ಪಾತ್ರೆಗೆ ಹಾಕಿ ಸಣ್ಣ ಉರೀಲಿ ಇನ್ನೊಮ್ಮೆ ಕಾಯಿಸಿ, ಏನೂ ನಷ್ಟ ಇಲ್ಲ. ಗಷ್ಟು ಮೊದಲೇ ಸೋಸಿಬಿಟ್ಟಿದ್ರೆ ಎರಡನೇ ಸಲ ಬೀಜದ ಪರಿಮಳ ಬರಲ್ಲ, ಅದಕ್ಕೆ ಕಾಯ್ತಾ ಕೂರಬೇಡಿ, ಆಗ ಕಿವಿ ಒಂದೇ ಗತಿ. ನಾನು ಆ 600 ಗ್ರಾಂ ದಿನವೇ ಇದನ್ನ ಮಾಡಿದ್ರೆ ಉಳೀತಿತ್ತು.

ಕಮ್ಮಿ ಕಾಯಿಸಿದ್ದನ್ನ ಸರಿ ಮಾಡಬಹುದು, ಜಾಸ್ತಿ ಆದದ್ದನ್ನ ಆಗಲ್ಲ. ಕಹಿ ಕೊಬ್ಬೊಳಗೇ ಸೇರಿರತ್ತೆ, ಎಷ್ಟು ಸೋಸಿದ್ರೂ ಹೋಗಲ್ಲ. ಡೌಟ್ ಬಂದ ಕ್ಷಣಕ್ಕೆ ಆರಿಸಿಬಿಡೋದು ಲಾಭ.

ಟೈಮರ್ ಎಸೀಬೇಕಾ

ಬೇಡ. ನಾನು ಈಗಲೂ ಇಡ್ತೀನಿ, ಆದ್ರೆ ಆರಿಸೋಕೆ ಅಲ್ಲ, ನನ್ನ ಕರೆಯೋಕೆ. ಹೋದ ಸಲ 24 ನಿಮಿಷಕ್ಕೆ ಸದ್ದು ನಿಂತಿದ್ರೆ ಈ ಸಲ 16ಕ್ಕೆ ಇಡ್ತೀನಿ, ಹೊಡ್ಕೊಂಡಾಗ ಹೋಗಿ ಕಿವಿ ಕೊಡೋದು. ಮೂರನೇ ಎರಡು ಭಾಗ ಅಂತ ಇಟ್ಕೊಳ್ಳಿ. ಬೇರೆ ರೂಮಲ್ಲಿ ಕೆಲಸ ಮಾಡೋಳಿಗೆ ಅಷ್ಟು ಬೇಕೇ ಬೇಕು, ಅಜ್ಜಿ ಥರ ಅರ್ಧ ಕಿವಿ ಯಾವಾಗ್ಲೂ ಅಡುಗೆಮನೇಲಿ ಬಿಟ್ಟಿರೋಕೆ ನಂಗಾಗಲ್ಲ.

ಕೆಲವು ಕಡೆ ಅಜ್ಜಿ ವಿದ್ಯೆ ನಡೆಯೋದೂ ಇಲ್ಲ, ಇದನ್ನ ಅವರ ಮುಂದೆ ಹೇಳಿ ಬೈಸ್ಕೊಂಡಿದೀನಿ ಆದ್ರೂ ಹೇಳ್ತೀನಿ. ಮೊಟ್ಟೆ ಬೇಯಿಸೋವಾಗ ಒಳಗಿನ ಹಳದಿ ಎಲ್ಲಿಗೆ ಬಂತು ಅಂತ ಸದ್ದೂ ಹೇಳಲ್ಲ ವಾಸನೆನೂ ಹೇಳಲ್ಲ, ಚಿಪ್ಪು ಮುಚ್ಚಿದೆ, ಅಲ್ಲಿ ಗಡಿಯಾರವೇ ಸರಿ. ಕೋಳಿ ಮಾಂಸ ಹೊರಗೆ ಎಷ್ಟೇ ಘಮ ಅಂದ್ರೂ ನಡುವೆ ಹಸಿ ಇರಬಹುದು, ಅತಿ ದಪ್ಪ ಜಾಗದಲ್ಲಿ ಥರ್ಮಾಮೀಟರ್ ಚುಚ್ಚಿ 74 ಡಿಗ್ರಿ ಆಯ್ತಾ ನೋಡೋದು ಬಿಟ್ರೆ ಬೇರೆ ಗ್ಯಾರಂಟಿ ಇಲ್ಲ. ನೀರು ಹೊರಗೆ ಹೋಗೋ ಅಡುಗೆ, ಮೇಲ್ಮೈ ಕೆಂಪಾಗೋ ಅಡುಗೆ, ಇವೆರಡಕ್ಕೆ ಕಿವಿ ಮೂಗು. ಒಳಗೆ ಮುಚ್ಕೊಂಡು ಬೇಯೋದಕ್ಕೆ ಅಲ್ಲ.

ಮತ್ತೆ ನೆಗಡಿ. ಹೋದ ತಿಂಗಳು ಅಜ್ಜಿಗೆ ಜೋರು ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ಬೆಣ್ಣೆ 400 ಗ್ರಾಂ ಇತ್ತು, ಇಟ್ರೆ ಹುಳಿ ಬರತ್ತೆ ಅಂತ ಅವತ್ತೇ ಕಾಯಿಸಬೇಕು ಅಂತ ಹಠ. ಶಾಲು ಹೊದ್ಕೊಂಡು ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತ್ರು. ಸದ್ದಿನ ತನಕ ಅವರದ್ದೇ ಕಾರುಬಾರು, "ಕೈಯಾಡಿಸು", "ಬಿಡು ಈಗ", "ಉರಿ ಸಣ್ಣ". ಚಟಪಟ ನಿಂತ ಮೇಲೆ ಮಾತ್ರ ಸುಮ್ಮನಾದ್ರು. ಎರಡು ಸಲ ಮೂಗು ಎಳೆದ್ರು. ಆಮೇಲೆ ನನ್ನ ಮುಖ ನೋಡಿದ್ರು.

"ಹೆಂಗಿದೆ ಹೇಳೇ?"

ನಾನು ಬಾಗಿಲಾಚೆ ಹೋಗಿ ಉಸಿರು ಎಳ್ಕೊಂಡು ವಾಪಸ್ ಬಂದೆ. "ಬಿಸ್ಕತ್ತು ಅಜ್ಜಿ."

"ಯಾವ ಬಿಸ್ಕತ್ತು?" ಅಂತ ಗದರಿದ್ರು. ನನ್ನ ಪಟ್ಟಿ ಅವರಿಗೆ ಗೊತ್ತಿಲ್ಲವಲ್ಲ. "ಇನ್ನೂ ಬೀಜದ ಥರ ಬಂದಿಲ್ಲ, ಹಾಲಿನ ಥರ ಹೋಗಿದೆ" ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ "ಹಾಗಾದ್ರೆ ನಿಲ್ಲು" ಅಂದ್ರು. ನುಣ್ಣಗಿನ ನೊರೆ ಅಂಚಿಂದ ಏರೋಕೆ ಶುರು ಆಯ್ತು. ನಾನು ಕೇಳದೇ ಆರಿಸಿದೆ, ಪಾತ್ರೆ ಕಟ್ಟೆ ಮೇಲಿಟ್ಟೆ. ಅಜ್ಜಿ ಎದ್ದು ಬಂದು ಸೌಟಲ್ಲಿ ನೊರೆ ಸರಿಸಿ ತಳ ನೋಡಿದ್ರು, ಏನೂ ಅನ್ನಲಿಲ್ಲ, ಜರಡಿ ಹುಡುಕೋಕೆ ಹೋದ್ರು.

ಅಷ್ಟು ಹೊತ್ತಿಗೆ ನನ್ನ ಜೇಬಲ್ಲಿ ಟೈಮರ್ ಹೊಡ್ಕೊಂಡಿತು, ಕರೆಯೋಕೆ ಅಂತ ಇಟ್ಟಿದ್ದನ್ನ ಎಲ್ಲೋ ತಪ್ಪು ಲೆಕ್ಕ ಹಾಕಿದ್ದೆ.

"ಯಾರದ್ದೋ ಫೋನ್ ಬಂತು ನೋಡು" ಅಂದ್ರು ಅಜ್ಜಿ.